ಹಳೆಯ ಫಾಂಟಿನ ಲೆಕ್ಕ, ಹೊಸ ಯುನಿಕೋಡ್

ಶಿವಮೊಗ್ಗ ಕಡೆಯ ಅಡಿಕೆ ಮಂಡಿಯೊಂದರಲ್ಲಿ ಗುಮಾಸ್ತರು ಹಳೆಯ ಎಕ್ಸೆಲ್ ಫೈಲೊಂದನ್ನು ಹೊಸ ಕಂಪ್ಯೂಟರಿನಲ್ಲಿ ತೆರೆದರು. ವಿಳಾಸದ ಕೊನೆಯಲ್ಲಿ ‘ಕರ್ನಾಟಕ’ ಇರಬೇಕಾದ ಜಾಗದಲ್ಲಿ `PÀ£ÁðlPÀ` ಎಂದಿತ್ತು. ಫೈಲು ಕೆಟ್ಟಿದೆ ಎಂದುಕೊಂಡರು. ಕೆಟ್ಟಿರಲಿಲ್ಲ, ಅದು ಮೊದಲಿನಿಂದಲೂ ಹಾಗೆಯೇ ಇತ್ತು. ನುಡಿ ಫಾಂಟು ಅದಕ್ಕೆ ಕನ್ನಡದ ಮುಖವಾಡ ತೊಡಿಸಿತ್ತು, ಅಷ್ಟೆ.

ಹಳೆಯ ಫಾಂಟುಗಳು ಅಕ್ಷರವನ್ನು ಉಳಿಸುತ್ತಿರಲಿಲ್ಲ, ಅಕ್ಷರದ ಚೂರುಗಳನ್ನು ಇಂಗ್ಲಿಷ್ ಸಂಕೇತಗಳ ಜಾಗದಲ್ಲಿ ಕೂರಿಸುತ್ತಿದ್ದವು. `P` ಎಂದರೆ ಕಕಾರದ ಒಡಲು, `À` ಎಂದರೆ ತಲೆಕಟ್ಟು. ಮೇಲಿನ ಪದದಲ್ಲಿ `ð` ಎಂಬುದು ಅರ್ಕಾವೊತ್ತು. ಕಣ್ಣಿಗೆ ಕಾಣುವ ಕ್ರಮದಂತೆ ಅದು ‘ನಾ’ ಆದ ಮೇಲೆ ಬರುತ್ತದೆ. ಯುನಿಕೋಡ್ ಉಚ್ಚಾರಣೆಯ ಕ್ರಮ ಹಿಡಿಯುತ್ತದೆ: ಮೊದಲು ರ್, ಆಮೇಲೆ ನಾ. ಹೀಗಾಗಿ ಪರಿವರ್ತನೆ ಎಂದರೆ ಚೂರಿಗೆ ಚೂರು ಬದಲಿಸುವುದಲ್ಲ, ಸಾಲಿನ ಕ್ರಮವನ್ನೂ ತಿರುಗಿಸಬೇಕು. ‘ಮತ್ತು’ ಎಂಬ ಪದದಲ್ಲೂ ಅಷ್ಟೇ: `ªÀÄvÀÄÛ` ಎಂಬುದರ ಕೊನೆಯ `Û` ತಒತ್ತು. ಅದು ಉಕಾರವನ್ನು ದಾಟಿ ಹಿಂದಕ್ಕೆ ಹೋಗಬೇಕು.

ಇದೇ ಪದದಲ್ಲಿ ಇನ್ನೊಂದು ಬಲೆಯೂ ಇದೆ. `ªÀ` ಎಂದರೆ ವ, `Ä` ಎಂದರೆ ಸಾಮಾನ್ಯವಾಗಿ ಉಕಾರದ ಕೊಂಬು. ಆದರೆ ಎರಡೂ ಸೇರಿದ `ªÀÄ` ‘ವು’ ಅಲ್ಲ, ‘ಮ’! ಹಾಗೆಯೇ `A` ಒಂಟಿಯಾಗಿದ್ದರೆ ಸೊನ್ನೆ, `AiÀÄ` ಎಂದಿದ್ದರೆ ಯಕಾರ. ಉದ್ದದ ಗುಂಪನ್ನು ಮೊದಲು ಗುರುತಿಸದ ಪರಿವರ್ತಕ ಮಂಜುನಾಥನನ್ನು ‘ವುಂಜುನಾಥ’ ಮಾಡುತ್ತದೆ.

ನುಡಿ ಮತ್ತು ಬರಹದ ಹಳೆಯ ಫಾಂಟುಗಳು ಬಹುಮಟ್ಟಿಗೆ ಒಂದೇ ಸಂಕೇತ ಬಳಸುತ್ತವೆ. ಶ್ರೀಲಿಪಿ, ಆಕೃತಿ, ಪ್ರಕಾಶಕ್‌ಗಳದು ಬೇರೆ ಬೇರೆ ದಾರಿ. ಆದ್ದರಿಂದ ಫಾಂಟಿನ ಹೆಸರು ನೋಡಿಯೇ ಪರಿವರ್ತಕವನ್ನು ಆರಿಸಬೇಕು.

ಮಂಡಿಯ ಫೈಲಿನಲ್ಲಿ ಐದು ಕಾಲಂ: ಕ್ರಮಸಂಖ್ಯೆ, ಹೆಸರು, ವಿಳಾಸ, ಪ್ಯಾನ್ ಸಂಖ್ಯೆ, ಬಾಕಿ. ಗುಮಾಸ್ತರು ಐದೂ ಕಾಲಂಗಳನ್ನು ಒಂದೊಂದಾಗಿ ಪರಿವರ್ತಕಕ್ಕೆ ಸುರಿದರು. ಪ್ಯಾನ್ ಸಂಖ್ಯೆಯಲ್ಲಿದ್ದ `A` ಸೊನ್ನೆಯಾಯಿತು, `C` ‘ಅ’ ಆಯಿತು, `N` ‘ಓ’ ಆಯಿತು. ಬಾಕಿಯ ಅಂಕಿಗಳು ಕನ್ನಡ ಅಂಕಿಗಳಾದವು. ನೋಡಲು ಚೆನ್ನ, ಆದರೆ ಎಕ್ಸೆಲ್ ಅವನ್ನು ಬರೀ ಪಠ್ಯವೆಂದು ಬಗೆದು ಒಟ್ಟು ಮೊತ್ತವನ್ನು ಸೊನ್ನೆ ತೋರಿಸಿತು.

ಇದಕ್ಕಿಂತ ಅಪಾಯದ್ದು ಕಣ್ಣಿಗೆ ಬೀಳದ ತಪ್ಪು. ಕೆಲವು ವಿಳಾಸಗಳನ್ನು ಒಂದೇ ಮನೆಯೊಳಗೆ ಎರಡು ಸಾಲಾಗಿ ಬರೆದಿದ್ದರು. ನಕಲಿಸಿದಾಗ ಅವು ಎರಡು ಪ್ರತ್ಯೇಕ ಸಾಲುಗಳಾದವು. ಅಲ್ಲಿಂದ ಕೆಳಗೆ ಎಲ್ಲರ ವಿಳಾಸವೂ ಒಂದು ಮನೆ ಜಾರಿ, ಒಬ್ಬರ ಊರು ಇನ್ನೊಬ್ಬರ ಬಾಕಿಯ ಎದುರು ಬಂದು ಕೂತಿತು.

ಎರಡನೆಯ ಸಲ ನಿಧಾನವಾಗಿ ಮಾಡಿದರು. ಮೊದಲು ಫೈಲಿನ ಪ್ರತಿ ತೆಗೆದರು. ಎಕ್ಸೆಲ್‌ನ ಹುಡುಕುವ ಪೆಟ್ಟಿಗೆಯಲ್ಲಿ `Ctrl+J` ಒತ್ತಿ, ಮನೆಯೊಳಗಿನ ಸಾಲುಮುರಿತಗಳ ಬದಲಿಗೆ ಖಾಲಿ ಜಾಗ ಹಾಕಿದರು. ಹೆಸರು, ವಿಳಾಸ ಈ ಎರಡು ಕಾಲಂಗಳನ್ನು ಮಾತ್ರ, ಒಂದೊಂದಾಗಿ ಪರಿವರ್ತಿಸಿ, ಹಳೆಯದರ ಪಕ್ಕದಲ್ಲೇ ಹೊಸ ಕಾಲಮ್ಮಿನಲ್ಲಿ ಅಂಟಿಸಿದರು. ಕೊನೆಯ ಸಾಲಿನ ಕ್ರಮಸಂಖ್ಯೆ ಎರಡೂ ಕಡೆ ಹೊಂದಿತು. ಪ್ಯಾನ್, ಬಾಕಿಗಳನ್ನು ಮುಟ್ಟಲೇ ಇಲ್ಲ.

ಪರಿವರ್ತನೆಯಾಗದೆ ಉಳಿದ ಚೂರುಗಳನ್ನು ಹುಡುಕಲು ಲಿಬ್ರೆಆಫೀಸ್‌ನಲ್ಲಿ ‘ರೆಗ್ಯುಲರ್ ಎಕ್ಸ್‌ಪ್ರೆಶನ್’ ಆಯ್ಕೆಯನ್ನು ಹಚ್ಚಿ ಇದನ್ನು ಕೊಟ್ಟರೆ ಸಾಕು:

```
[\u00A1-\u00FF]
```

½ ಅಥವಾ ° ಚಿಹ್ನೆ ಸಿಕ್ಕರೆ ಗಾಬರಿ ಬೇಡ, ಅವು ನಿಜವಾಗಿಯೇ ಅಲ್ಲಿರಬಹುದು. ಅಕ್ಷರದ ಜಾಗದಲ್ಲಿ ಚುಕ್ಕಿಗಳ ವೃತ್ತ ಕಂಡರೆ ಅಲ್ಲೊಂದು ಕಾಗುಣಿತದ ಚಿಹ್ನೆ ಆಸರೆಯಿಲ್ಲದೆ ಉಳಿದಿದೆ ಎಂದರ್ಥ.

ಯಂತ್ರ ಹಿಡಿಯಲಾಗದ ತಪ್ಪುಗಳಿಗೆ ಕಣ್ಣೇ ಬೇಕು. ‘ರಾಜ್‌ಕುಮಾರ್’ ಎಂಬಲ್ಲಿ ಜ್ ಮತ್ತು ಕು ನಡುವೆ ಕಾಣದ ಒಂದು ತಡೆಚಿಹ್ನೆ, `U+200C`, ಇರಬೇಕು. ಇಲ್ಲದಿದ್ದರೆ ಅದು ‘ರಾಜ್ಕುಮಾರ್’ ಆಗುತ್ತದೆ. ‘ರ‍್ಯಾಕ್’ ಎಂಬುದರಲ್ಲಿ ರಕಾರದ ಮುಂದೆ `U+200D` ಬಿಟ್ಟುಹೋದರೆ ಯಕಾರಕ್ಕೆ ಅರ್ಕಾವೊತ್ತು ಬಂದು ‘ರ್ಯಾಕ್’ ಎಂದಾಗುತ್ತದೆ. ಈ ಚಿಹ್ನೆಗಳು ಕೆಲವು ಸಾಲಿನಲ್ಲಿದ್ದು ಕೆಲವು ಸಾಲಿನಲ್ಲಿ ಇಲ್ಲದಿದ್ದರೆ ಒಬ್ಬನೇ ಗಿರಾಕಿ ಎರಡು ಹೆಸರಾಗಿ ಲೆಕ್ಕಕ್ಕೆ ಸಿಗುತ್ತಾನೆ. ಹಾಗಾಗಿ ಹೆಸರಿನ ಕಾಲಮ್ಮನ್ನಾದರೂ ಹಳೆಯದರ ಪಕ್ಕ ಇಟ್ಟುಕೊಂಡು ಒಬ್ಬರು ಓದಿ, ಇನ್ನೊಬ್ಬರು ನೋಡುವುದು ಒಳ್ಳೆಯದು.

ಕೆಲಸ ಮುಗಿದ ಮೇಲೂ ಹಳೆಯ ಫೈಲನ್ನು ಅಳಿಸಬೇಡಿ. ಅದರ ಜೊತೆಗೇ ಆ ಫಾಂಟಿನ ಫೈಲನ್ನೂ ಎತ್ತಿಡಿ. ಫಾಂಟು ಇಲ್ಲದಿದ್ದರೆ ಮುಂದೆ ಸಂದೇಹ ಬಂದಾಗ ಮೂಲದಲ್ಲಿ ಏನಿತ್ತೆಂದು ಓದಿ ನೋಡುವುದೇ ಕಷ್ಟವಾಗುತ್ತದೆ.