ಕಡಿತದ ಸುತ್ತೋಲೆ ಬರೆಯುವ ಬಗೆ

"ಆರ್ಥಿಕ ಮುಗ್ಗಟ್ಟಿನ ಹಿನ್ನೆಲೆಯಲ್ಲಿ ಎಲ್ಲ ವಿಭಾಗಗಳ ಅನುದಾನವನ್ನು ಶೇ. 12ರಷ್ಟು ಕಡಿತಗೊಳಿಸಲಾಗಿದೆ. ತಕ್ಷಣದಿಂದ ಜಾರಿ."

ಖಾಸಗಿ ಕಾಲೇಜೊಂದರ ವಿಭಾಗ ಮುಖ್ಯಸ್ಥರಿಗೆ ಇಂಥ ಸುತ್ತೋಲೆ ತಲುಪಿತು ಎಂದಿಟ್ಟುಕೊಳ್ಳೋಣ. ಆಗಲೇ ಆರ್ಡರ್ ಕೊಟ್ಟ ಗಾಜಿನ ಸಾಮಾನಿನ ಗತಿಯೇನೆಂದು ರಸಾಯನಶಾಸ್ತ್ರದವರು ಕೇಳುತ್ತಾರೆ. ಅತಿಥಿ ಉಪನ್ಯಾಸಕರು ಸಂಬಳಕ್ಕೂ ಕತ್ತರಿ ಬಿತ್ತೇ ಎಂದು ಹೆದರುತ್ತಾರೆ. ಎರಡಕ್ಕೂ ಸುತ್ತೋಲೆಯಲ್ಲಿ ಉತ್ತರವಿಲ್ಲ.

ಅದನ್ನೇ ಹೀಗೆ ಬರೆಯಬಹುದಿತ್ತು: "ಈ ವರ್ಷ ಪ್ರವೇಶ ಕಡಿಮೆಯಾಗಿ ಶುಲ್ಕದ ಆದಾಯದಲ್ಲಿ 10 ಲಕ್ಷ ರೂಪಾಯಿ ಕೊರತೆ ಬಿದ್ದಿದೆ. ಹಾಗಾಗಿ ಉಪಕರಣ, ಪ್ರವಾಸ ಮತ್ತು ಕಾರ್ಯಕ್ರಮಗಳಿಗೆ ಮೀಸಲಿದ್ದ 1 ಕೋಟಿಯಲ್ಲಿ ಶೇ. 12ರಷ್ಟು ಕಡಿತ ಮಾಡುತ್ತಿದ್ದೇವೆ. ಸಂಬಳ, ವಿದ್ಯಾರ್ಥಿವೇತನ ಹಾಗೂ ಈಗಾಗಲೇ ಕೊಟ್ಟ ಆರ್ಡರ್‌ಗಳಿಗೆ ಇದು ಅನ್ವಯಿಸದು. ನೀವು ಹಾಕಿಕೊಂಡ ಕೆಲವು ಯೋಜನೆಗಳನ್ನು ಇದರಿಂದ ಮುಂದೂಡಬೇಕಾಗುತ್ತದೆ, ಅದಕ್ಕೆ ವಿಷಾದವಿದೆ."

ಲೆಕ್ಕ ನೋಡಿ. ಕಡಿತದಿಂದ 12 ಲಕ್ಷ ಉಳಿಯುತ್ತದೆ, ಕೊರತೆ 10 ಲಕ್ಷ. ಮಿಕ್ಕ 2 ಲಕ್ಷವನ್ನು ಮನವಿಗಳಿಗೆಂದೇ ತೆಗೆದಿಡಲಾಗಿದೆ, ಅದನ್ನೂ ಪತ್ರದಲ್ಲಿ ಹೇಳಬೇಕು. ಎಷ್ಟು ದಿನದೊಳಗೆ, ಯಾರಿಗೆ ಬರೆಯಬೇಕು, ಯಾವ ಕಾರಣಕ್ಕೆ ಆದ್ಯತೆ, ಉತ್ತರ ಯಾವಾಗ ಎಂಬುದೂ ಇರಲಿ. ಪರೀಕ್ಷೆಗೆ ಬೇಕೇಬೇಕಾದ ರಾಸಾಯನಿಕ ಆದ್ಯತೆಯ ಕಾರಣವಾಗಬಹುದು, ಹೊಸ ಕುರ್ಚಿಗಳು ಆಗಲಾರವು. ಹಣ ತೆಗೆದಿಡದೆ "ಮನವಿ ಸಲ್ಲಿಸಬಹುದು" ಎಂದರೆ, ಮೊದಲ ಮನವಿ ತಿರಸ್ಕೃತವಾದಾಗಲೇ ಅದು ಬರೀ ಬಾಯುಪಚಾರವೆಂದು ಎಲ್ಲರಿಗೂ ತಿಳಿಯುತ್ತದೆ. ಹಣವೇ ಇಲ್ಲದಿದ್ದರೆ ನಿರ್ಧಾರ ಅಂತಿಮ ಎಂದು ನೇರವಾಗಿ ಬರೆಯುವುದೇ ಮೇಲು.

ಹೇಳುವ ರೀತಿಯಿಂದ ಆಗುವ ವ್ಯತ್ಯಾಸವನ್ನು ಅಮೆರಿಕದ ಸಂಶೋಧಕ ಜೆರಾಲ್ಡ್ ಗ್ರೀನ್‌ಬರ್ಗ್ 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದರು. ಒಂದೇ ಸಂಸ್ಥೆಯ ಎರಡು ಕಾರ್ಖಾನೆಗಳಲ್ಲಿ ಹತ್ತು ವಾರ ಸಂಬಳವನ್ನು ಶೇ. 15ರಷ್ಟು ಇಳಿಸಲಾಗಿತ್ತು. ಒಂದು ಕಡೆ ಸುಮಾರು ಒಂದೂವರೆ ಗಂಟೆ ಸಭೆ ನಡೆಸಿ, ಕಾರಣವನ್ನು ಅಂಕಿಅಂಶಗಳೊಂದಿಗೆ ವಿವರಿಸಿ, ವಿಷಾದ ಸೂಚಿಸಿ, ಪ್ರಶ್ನೆಗಳಿಗೆ ಉತ್ತರಿಸಿದರು. ಇನ್ನೊಂದು ಕಡೆ ಕಾಲು ಗಂಟೆಯಲ್ಲಿ ಚುಟುಕಾಗಿ ಮುಗಿಸಿದರು. ಕಳವು ಎರಡೂ ಕಡೆ ಹೆಚ್ಚಿತು. ಆದರೆ ಚುಟುಕಾಗಿ ಮುಗಿಸಿದಲ್ಲಿ ಅದು ಬಹಳ ಹೆಚ್ಚಾಗಿತ್ತು.

ಸಂಬಳ ಇಳಿದ ನೋವನ್ನು ಆ ವಿವರಣೆ ಪೂರ್ತಿ ಅಳಿಸಲಿಲ್ಲ ಎಂಬುದನ್ನೂ ಗಮನಿಸಬೇಕು. ಹಾಗೆಯೇ, "ನಿಮ್ಮ ನೋವು ನಮಗೆ ಅರ್ಥವಾಗುತ್ತದೆ" ಎಂದು ಬರೆದು ಅಂಕಿ ಮುಚ್ಚಿಟ್ಟರೆ ಸಿಟ್ಟು ಇನ್ನಷ್ಟು ಏರುತ್ತದೆ. ವಿಷಾದಕ್ಕೆ ಒಂದು ವಾಕ್ಯ ಸಾಕು. ಉಳಿದ ಜಾಗವನ್ನು ಕಾರಣಕ್ಕೆ, ವ್ಯಾಪ್ತಿಗೆ, ಮನವಿಯ ದಾರಿಗೆ ಬಿಡಿ. ಕಳಿಸುವ ಮುನ್ನ ಕರಡನ್ನು ಒಬ್ಬ ವಿಭಾಗ ಮುಖ್ಯಸ್ಥರಿಗೆ ಓದಲು ಕೊಡಿ. ನಾಳೆ ತಮ್ಮ ಸಿಬ್ಬಂದಿ ಕೇಳುವ ಪ್ರಶ್ನೆಗಳಿಗೆ ಅವರು ಅದನ್ನು ನೋಡಿಯೇ ಉತ್ತರಿಸಬಲ್ಲರಾದರೆ ಕಳಿಸಿ, ಇಲ್ಲವಾದರೆ ಮತ್ತೆ ತಿದ್ದಿ.