ಬೆಳಗಿನ ಜಾವದ ಮಂಪರು: ನೈಟ್ ಡ್ಯೂಟಿಯನ್ನು ದೇಹದ ಗಡಿಯಾರಕ್ಕೆ ಹೊಂದಿಸುವುದು ಹೇಗೆ?

ರಾತ್ರಿ 8ಕ್ಕೆ ಡ್ಯೂಟಿ ಹಿಡಿದು ಬೆಳಿಗ್ಗೆ 8ಕ್ಕೆ ಬಿಡುವ ಯಾವ ಸ್ಟಾಫ್ ನರ್ಸನ್ನು ಕೇಳಿದರೂ, ಅತಿ ಕಷ್ಟದ ಹೊತ್ತು ಬೆಳಗಿನ ಜಾವ 3ರಿಂದ 5 ಎನ್ನುತ್ತಾರೆ. ಫ್ಯಾನ್ ನಿಲ್ಲಿಸಿದರೂ ಚಳಿ ಬಿಡುವುದಿಲ್ಲ. ಕೇಸ್‌ಶೀಟಿನ ಒಂದೇ ಸಾಲನ್ನು ಎರಡು ಸಲ ಓದಿದರೂ ತಲೆಗೆ ಹತ್ತುವುದಿಲ್ಲ. ಇದಕ್ಕೆ ಸೋಮಾರಿತನ ಕಾರಣವಲ್ಲ. ಮೆದುಳಿನೊಳಗಿನ ಜೈವಿಕ ಗಡಿಯಾರ ಆ ಹೊತ್ತಿಗೆ ದೇಹದ ಉಷ್ಣತೆಯನ್ನು ದಿನದ ಅತಿ ಕೆಳಮಟ್ಟಕ್ಕೆ ಇಳಿಸಿರುತ್ತದೆ, ನಿದ್ದೆಗೆ ಸಜ್ಜುಗೊಳಿಸುವ ಮೆಲಟೋನಿನ್ ರಕ್ತದಲ್ಲಿ ಹೆಚ್ಚಿರುತ್ತದೆ. ಆಗ ಕಾಡುವ ಚಳಿ ಗಡಿಯಾರ ಕೊಡುವ ಸೂಚನೆ.

ಈ ಗಡಿಯಾರ ಜೀವಕೋಶಗಳಲ್ಲಿ ಹೇಗೆ ನಡೆಯುತ್ತದೆ ಎಂಬುದನ್ನು ಬಿಡಿಸಿ ತೋರಿಸಿದ ಜೆಫ್ರಿ ಹಾಲ್, ಮೈಕೆಲ್ ರಾಸ್ಬಾಷ್ ಮತ್ತು ಮೈಕೆಲ್ ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಬಂತು. ವಾರಕ್ಕೆ ಮೂರ್ನಾಲ್ಕು ನೈಟ್ ಮಾಡಿದ ಮಾತ್ರಕ್ಕೆ ಈ ಗಡಿಯಾರ ತಿರುಗಿ ಕೂರುವುದಿಲ್ಲ. ಅದರ ಜೊತೆ ಜಗ್ಗಾಡುವುದಕ್ಕಿಂತ ಅದು ಇಳಿಯುವ ಹೊತ್ತನ್ನು ಮೊದಲೇ ತಿಳಿದು ನಿದ್ದೆ, ಊಟ, ಕೆಲಸಗಳನ್ನು ಅದರ ಸುತ್ತ ಜೋಡಿಸಿಕೊಳ್ಳುವುದೇ ದಾರಿ. ಜಿಲ್ಲಾ ಆಸ್ಪತ್ರೆಯೊಂದರ ಮೆಡಿಸಿನ್ ವಾರ್ಡಿನಲ್ಲಿ ಇಬ್ಬರು ನರ್ಸ್‌ಗಳಿರುವ ರಾತ್ರಿಯನ್ನು ಇಟ್ಟುಕೊಂಡು ನೋಡೋಣ.

ಡ್ಯೂಟಿಗೆ ಮೊದಲ ನಿದ್ದೆ

ಮೊದಲ ನೈಟಿನ ದಿನ ಬೆಳಿಗ್ಗೆ 7ಕ್ಕೆ ಎದ್ದು, ಮನೆಗೆಲಸ ಮುಗಿಸಿ, ಮಲಗದೆ ಡ್ಯೂಟಿಗೆ ಬಂದರೆ ಮರುದಿನ ಜಾವ 4ಕ್ಕೆ ಆ ನರ್ಸ್ ಎಚ್ಚರವಿದ್ದು 21 ಗಂಟೆಯಾಗಿರುತ್ತದೆ. ಸತತ 17 ಗಂಟೆ ಎಚ್ಚರವಿದ್ದವರ ಕೈ-ಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ ಶೇ 0.05ರಷ್ಟು ಮದ್ಯವಿರುವವರ ಮಟ್ಟಕ್ಕೆ ಕುಸಿಯುತ್ತದೆಂದು 1997ರ ಅಧ್ಯಯನವೊಂದು ತೋರಿಸಿತು. ನಮ್ಮ ದೇಶದಲ್ಲಿ ವಾಹನ ಓಡಿಸುವವರಿಗಿರುವ ಮಿತಿಯೇ ಶೇ 0.03.

ಮಧ್ಯಾಹ್ನ ಊಟವಾದ ಮೇಲೆ ಬರುವ ತೂಕಡಿಕೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಗಡಿಯಾರದ ಎರಡನೇ ಸಣ್ಣ ಇಳಿತವದು. 2ರಿಂದ 4ರವರೆಗೆ ಕೋಣೆ ಕತ್ತಲು ಮಾಡಿ ಮಲಗಿದರೆ, ಜಾವ 4ಕ್ಕೆ ಎಚ್ಚರದ ಲೆಕ್ಕ 21ರ ಬದಲು 12 ಗಂಟೆಗೆ ಇಳಿಯುತ್ತದೆ. ‘ಸಂಜೆ 6ಕ್ಕೆ ಮಲಗಿ ಒಂದು ಗಂಟೆ ನಿದ್ದೆ ತೆಗೆದರಾಯಿತು’ ಎಂದು ಮುಂದೂಡಿದರೆ ನಿದ್ದೆ ಕೈಕೊಡುತ್ತದೆ. ಸಂಜೆ ಆರರ ನಂತರದ ಎರಡು ಮೂರು ತಾಸು ಗಡಿಯಾರವೇ ನಮ್ಮನ್ನು ಎಬ್ಬಿಸಿ ಇಡುವ ಹೊತ್ತು. ಹಾಸಿಗೆಯಲ್ಲಿ ಬರೀ ಹೊರಳಾಡಬೇಕಾಗುತ್ತದೆ.

ಊಟ, ಕಾಫಿ

ಹೊಟ್ಟೆ ತುಂಬುವ ಊಟವನ್ನು ಡ್ಯೂಟಿಗೆ ಹೊರಡುವ ಮುನ್ನ 7ರ ಹೊತ್ತಿಗೆ ಮುಗಿಸಬೇಕು. ರಾತ್ರಿ 12ರ ಸುಮಾರಿಗೆ ಎರಡು ಚಪಾತಿ-ಪಲ್ಯ, ಇಲ್ಲವೇ ಬೇಯಿಸಿದ ಕಾಳು, ಮೊಟ್ಟೆಯಂಥ ಹಗುರ ತಿನಿಸು ಸಾಕು. ಡಬ್ಬಿ ತುಂಬ ಅನ್ನ-ಸಾರು ತಂದು 2ಕ್ಕೆ ಉಣ್ಣುವುದು ತಪ್ಪು. ರಾತ್ರಿ ದೇಹ ಸಕ್ಕರೆಯನ್ನು ಹಗಲಿನಷ್ಟು ಚೆನ್ನಾಗಿ ನಿಭಾಯಿಸುವುದಿಲ್ಲ, ಊಟದ ಮಂಪರು ಜಾವದ ಮಂಪರಿನ ಮೇಲೆ ಬಂದು ಕೂರುತ್ತದೆ. 2ರಿಂದ 5ರವರೆಗೆ ನೀರು, ಹಸಿವಾದರೆ ಒಂದು ಬಾಳೆಹಣ್ಣು. ಬೆಳಿಗ್ಗೆ ಮನೆಗೆ ಹೋಗಿ ಎರಡು ಇಡ್ಲಿ ತಿಂದು ಮಲಗಿದರೆ ಹಸಿವಿಗೆ ನಡುನಿದ್ದೆಯಲ್ಲಿ ಎಚ್ಚರವಾಗುವುದಿಲ್ಲ.

ಕುಡಿದ ಕೆಫೀನಿನಲ್ಲಿ ಅರ್ಧದಷ್ಟು ದೇಹದಿಂದ ಹೋಗಲು ಸುಮಾರು ಐದು ಗಂಟೆ ಬೇಕು. ಜಾವ 4ಕ್ಕೆ ನಿದ್ದೆ ತಡೆಯಲೆಂದು ಕುಡಿದ ಕಾಫಿ 9:30ಕ್ಕೆ ಮನೆಯಲ್ಲಿ ಮಲಗುವಾಗಲೂ ಕೆಲಸ ಮಾಡುತ್ತಿರುತ್ತದೆ. ಹಾಗಾಗಿ ಕೊನೆಯ ಲೋಟ 2ರೊಳಗೆ ಮುಗಿಯಬೇಕು. ಅದು ತಲೆಗೇರಲು ಇಪ್ಪತ್ತು ಮೂವತ್ತು ನಿಮಿಷ ಹಿಡಿಯುತ್ತದೆ. 1:30ಕ್ಕೆ ಕಾಫಿ ಕುಡಿದು, ವಾರ್ಡನ್ನು ಜೊತೆಯವರಿಗೆ ಒಪ್ಪಿಸಿ, 20 ನಿಮಿಷಕ್ಕೆ ಅಲಾರಂ ಇಟ್ಟು ಮಲಗಿದರೆ, ಏಳುವ ಹೊತ್ತಿಗೆ ಕಾಫಿಯೂ ನೆರವಿಗೆ ಬರುತ್ತದೆ. ಅದಕ್ಕಿಂತ ಹೆಚ್ಚು ಮಲಗಿದರೆ ಗಾಢ ನಿದ್ದೆಗೆ ಜಾರಿ, ಎದ್ದಮೇಲೂ ತಲೆ ಮಂಕಾಗಿರುತ್ತದೆ. ಎದ್ದ ಮೊದಲ 15 ನಿಮಿಷ ಔಷಧಿ ಮುಟ್ಟದೆ, ಮುಖ ತೊಳೆದು ವಾರ್ಡಿನಲ್ಲಿ ಒಂದು ಸುತ್ತು ಹಾಕುವುದು ಒಳ್ಳೆಯದು.

ತಲೆ ಬೇಡುವ ಕೆಲಸ ಯಾವಾಗ?

ಹ್ಯಾಂಡೋವರ್ ಮುಗಿದು 9 ಗಂಟೆಯ ಔಷಧಿ ಕೊಟ್ಟಾದ ಮೇಲೆ ಮಧ್ಯರಾತ್ರಿವರೆಗಿನ ಹೊತ್ತಿನಲ್ಲಿ ತಲೆ ಚುರುಕಾಗಿರುತ್ತದೆ. ಬೆಳಗಿನ ಲೆಕ್ಕವನ್ನೆಲ್ಲ ಆಗಲೇ ಮಾಡಿಡಬೇಕು: ಯಾವ ರೋಗಿಗೆ ಯಾವ ಡೋಸ್, ಎಷ್ಟು ಎಂಎಲ್, ಯಾರ ರಕ್ತ ಯಾವ ಪರೀಕ್ಷೆಗೆ. ಲ್ಯಾಬ್ ಫಾರ್ಮುಗಳನ್ನೂ ತುಂಬಿಸಿಡಬಹುದು. ಆದರೆ ರಕ್ತದ ಟ್ಯೂಬಿಗೆ ಹೆಸರು ಅಂಟಿಸುವುದು ಮತ್ತು ಸಿರಿಂಜಿಗೆ ಔಷಧಿ ಎಳೆಯುವುದು, ಈ ಎರಡನ್ನು ಮುಂಚಿತವಾಗಿ ಮಾಡಬಾರದು. ಮೊದಲೇ ಹೆಸರು ಬರೆದಿಟ್ಟ ಟ್ಯೂಬಿಗೆ ಪಕ್ಕದ ಹಾಸಿಗೆಯವರ ರಕ್ತ ತುಂಬುವ ತಪ್ಪು ಆಗುವುದೇ ಜಾವದಲ್ಲಿ. ಲೇಬಲ್ ಹಾಕುವುದು ರಕ್ತ ತೆಗೆದ ಮೇಲೆ, ರೋಗಿಯ ಹೆಸರು ಕೇಳಿ, ಹಾಸಿಗೆಯ ಪಕ್ಕದಲ್ಲೇ.

ಬೆಳಗಿನ ಇನ್ಸುಲಿನ್‌ನಂತೆ ಮುಂದಕ್ಕೂ ಹಿಂದಕ್ಕೂ ಸರಿಸಲಾಗದ ಕೆಲಸವೂ ಇರುತ್ತದೆ. ನಮ್ಮಲ್ಲಿ ಒಂದು ಎಂಎಲ್‌ಗೆ 40 ಯೂನಿಟ್ ಇರುವ ಸೀಸೆಯೂ ಸಿಗುತ್ತದೆ, 100 ಯೂನಿಟ್ ಇರುವುದೂ ಸಿಗುತ್ತದೆ. 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ ಮುಚ್ಚಳ. ವೈದ್ಯರು 20 ಯೂನಿಟ್ ಬರೆದಿದ್ದಾರೆ ಎಂದುಕೊಳ್ಳಿ. ಮಂಪರಿನಲ್ಲಿ 100ರ ಸೀಸೆಯಿಂದ ಕೆಂಪು ಮುಚ್ಚಳದ ಸಿರಿಂಜಿಗೆ 20ರ ಗೆರೆವರೆಗೆ ಎಳೆದರೆ ಅದರಲ್ಲಿರುವುದು ಅರ್ಧ ಎಂಎಲ್, ಅಂದರೆ 50 ಯೂನಿಟ್. ರೋಗಿಯ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಲು ಅದು ಸಾಕು. ಸೀಸೆ, ಸಿರಿಂಜ್ ಅದಲುಬದಲಾದರೆ ಸೇರುವುದು ಬರೀ 8 ಯೂನಿಟ್. ಇಂಥ ಕಡೆ ನೆನಪನ್ನೂ ಅನುಭವವನ್ನೂ ನಂಬಬಾರದು. ಒಬ್ಬರು ಸೀಸೆಯ ಮೇಲಿನ ಅಂಕಿ, ಮುಚ್ಚಳದ ಬಣ್ಣ, ಗೆರೆ ಮೂರನ್ನೂ ಬಾಯಿಬಿಟ್ಟು ಓದಬೇಕು, ಇನ್ನೊಬ್ಬರು ಕೇಸ್‌ಶೀಟ್ ಹಿಡಿದು ಸರಿಯೇ ಎಂದು ನೋಡಬೇಕು. ಹೆಪಾರಿನ್, ಪೊಟ್ಯಾಸಿಯಂ ಕ್ಲೋರೈಡ್‌ಗೂ ಇದೇ ನಿಯಮ.

3ರಿಂದ 5ರ ನಡುವೆ ಓಡಾಟದ ಕೆಲಸ ಇಟ್ಟುಕೊಳ್ಳಬೇಕು: ಬಿಪಿ ನೋಡುವುದು, ಡ್ರಿಪ್ ಗಮನಿಸುವುದು, ರೋಗಿಗಳನ್ನು ಮಗ್ಗುಲು ತಿರುಗಿಸುವುದು, ಟ್ರಾಲಿ ಜೋಡಿಸುವುದು. ಕುಳಿತು ಬರೆಯುವ ಕೆಲಸ ಆಗ ಬೇಡ.

ಮನೆಗೆ ಹೋಗುವ ದಾರಿ

ಓದಿದ್ದನ್ನೇ ಮತ್ತೆ ಓದುವುದು, ಹೆಜ್ಜೆ ಎಡವುವುದು, ಯಾರೋ ಹೇಳಿದ್ದು ಅರ್ಧ ಕೇಳಿಸದೆ ಹೋಗುವುದು ಕ್ಷಣನಿದ್ದೆಯ ಲಕ್ಷಣಗಳು. ಅವು ಕಂಡ ದಿನ ಸ್ಕೂಟರನ್ನು ಆಸ್ಪತ್ರೆಯಲ್ಲೇ ಬಿಟ್ಟು ಬಸ್ಸು ಹತ್ತಬೇಕು. ಮನೆಯಲ್ಲಿ 9:30ಕ್ಕೆ ದಪ್ಪ ಪರದೆ ಎಳೆದು, ಫೋನ್ ಸೈಲೆಂಟ್ ಮಾಡಿ ಮಲಗಿದರೂ ಹಗಲು ನಿದ್ದೆ ಐದಾರು ಗಂಟೆಗೇ ಕಡಿಯುವುದು ಸಾಮಾನ್ಯ. ಸಂಜೆ 6ರೊಳಗೆ ಇನ್ನೊಂದು ಸಣ್ಣ ನಿದ್ದೆ ಸೇರಿಸಿದರೆ ಕೊರತೆ ತುಂಬುತ್ತದೆ. ಮಧುಮೇಹ, ಮೂರ್ಛೆರೋಗ ಇರುವವರು, ಗರ್ಭಿಣಿಯರು, ನಿದ್ದೆಯಲ್ಲಿ ಜೋರಾಗಿ ಗೊರಕೆ ಹೊಡೆದು ಉಸಿರು ಕಟ್ಟುವವರು ನೈಟ್ ಡ್ಯೂಟಿಯ ಬಗ್ಗೆ ವೈದ್ಯರೊಂದಿಗೆ ಮಾತಾಡಲೇಬೇಕು.

ಇಷ್ಟೆಲ್ಲ ನಡೆಯಬೇಕಾದರೆ ವಾರ್ಡಿನಲ್ಲಿ ಇಬ್ಬರಿರಬೇಕು. ಒಬ್ಬರೇ ಇರುವಲ್ಲಿ 20 ನಿಮಿಷದ ನಿದ್ದೆಗೂ ಅವಕಾಶವಿಲ್ಲ, ಡೋಸ್ ಪರೀಕ್ಷಿಸಲು ಎರಡನೆಯ ಕಣ್ಣೂ ಇಲ್ಲ. ನರ್ಸಿಂಗ್ ಸೂಪರಿಂಟೆಂಡೆಂಟರೇ, ಆಸ್ಪತ್ರೆ ನಡೆಸುವವರೇ, ರೋಸ್ಟರ್ ಬರೆಯುವಾಗ ರಾತ್ರಿ ಪ್ರತಿ ವಾರ್ಡಿಗೆ ಇಬ್ಬರನ್ನು ಹಾಕಿ, ವಿಶ್ರಾಂತಿಯ ಸಮಯವನ್ನೂ ಅದರಲ್ಲೇ ನಮೂದಿಸಿ. ಅದನ್ನು ನರ್ಸ್‌ಗಳಿಗೆ ಕೊಟ್ಟ ರಿಯಾಯಿತಿ ಎಂದುಕೊಳ್ಳಬೇಡಿ, ಅದು ರೋಗಿಯ ಜೀವಕ್ಕೆ ಕೊಡುವ ರಕ್ಷಣೆ.