ಆಫೀಸ್ ಇಂಟರ್ನೆಟ್ ಸ್ಲೋ ಇದೆಯೇ? ದೊಡ್ಡ ಪ್ಲಾನ್ ಹಾಕಿಸುವ ಮುನ್ನ ಈ ಪರೀಕ್ಷೆ ಮಾಡಿ

ಆಫೀಸಿನಲ್ಲಿ ಇಂಟರ್ನೆಟ್ ನಿಧಾನವಾದರೆ 100 ಎಂಬಿಪಿಎಸ್ ಪ್ಲಾನ್ ಬಿಟ್ಟು 300ರದ್ದು ಹಾಕಿಸೋಣ ಎಂದು ಮ್ಯಾನೇಜರ್‌ಗೆ ಅನಿಸುವುದು ಸಹಜ. ಆದರೆ ಹಣ ಖರ್ಚಾದರೂ ವೇಗ ಹೆಚ್ಚದೇ ಇರಬಹುದು.

ಇದನ್ನು ಮನೆಯ ನೀರಿಗೆ ಹೋಲಿಸಬಹುದು. ಬೀದಿಯಿಂದ ಬರುವ ಪೈಪ್ ದಪ್ಪ ಮಾಡಿಸಿದರೂ, ಒಳಗಿನ ಅರ್ಧ ಇಂಚಿನ ಪೈಪ್‌ಗೆ ಐದು ನಲ್ಲಿಗಳಿದ್ದರೆ ನೀರು ಸಣ್ಣಗೇ ಬರುತ್ತದೆ. ಪ್ಲಾನ್ ಎಂದರೆ ಬೀದಿಯ ಪೈಪ್, ವೈಫೈ ಎಂದರೆ ಒಳಗಿನ ಪೈಪ್. ಒಂದೇ ರೂಟರ್‌ನ ವೈಫೈಗೆ 25 ಲ್ಯಾಪ್‌ಟಾಪ್‌ಗಳಿದ್ದರೆ ಅವು ಸರದಿಯಲ್ಲಿ ಕಾಯುತ್ತವೆ. ದೂರ ಕುಳಿತವರ ಸಿಗ್ನಲ್ ದುರ್ಬಲವಾಗಿದ್ದರೆ ಅವರ ಸರದಿ ಹೆಚ್ಚು ಹೊತ್ತು ಹಿಡಿದು, ಉಳಿದವರೂ ಕಾಯಬೇಕಾಗುತ್ತದೆ.

ತೊಂದರೆ ಎಲ್ಲಿದೆ ಎಂದು ತಿಳಿಯುವುದು ಹೇಗೆ? ಎಲ್ಲರೂ ಕೆಲಸದಲ್ಲಿರುವಾಗಲೇ ಒಂದು ಲ್ಯಾಪ್‌ಟಾಪನ್ನು ಕೇಬಲ್ ಮೂಲಕ ನೇರ ರೂಟರ್‌ಗೆ ಜೋಡಿಸಿ ಸ್ಪೀಡ್ ಟೆಸ್ಟ್ ಮಾಡಿ. ನಂತರ ಸೀಟಿನಲ್ಲಿ ಕುಳಿತು ವೈಫೈನಲ್ಲಿ ಮಾಡಿ. ಕೇಬಲ್‌ನಲ್ಲಿ 80, ಸೀಟಿನಲ್ಲಿ 12 ಬಂದರೆ ಪ್ಲಾನ್‌ನಲ್ಲಿ ಇನ್ನೂ ಜಾಗವಿದೆ, ಅಡ್ಡಿ ಇರುವುದು ವೈಫೈನಲ್ಲಿ. ಆಗ ದೂರದ ಸೀಟುಗಳ ಬಳಿಗೆ ಕೇಬಲ್ ಎಳೆದು ಇನ್ನೊಂದು ಆಕ್ಸೆಸ್ ಪಾಯಿಂಟ್ ಹಾಕಿಸುವುದೇ ಪರಿಹಾರ.

ಕೇಬಲ್‌ನಲ್ಲೂ ಹಗಲು 15 ಬಂದು, ಎಲ್ಲರೂ ಹೋದ ಮೇಲೆ 95 ಬಂದರೆ ಪ್ಲಾನ್ ಸಾಲುತ್ತಿಲ್ಲ ಎಂದರ್ಥ. ದೊಡ್ಡ ಪ್ಲಾನ್ ಉಪಯೋಗಕ್ಕೆ ಬರುವುದು ಆಗಲೇ.